ತಡವಾದ ಸ್ಟೈಪೆಂಡ್ ಕೇಳಿದ ಬಗೆ

ಪುಣೆಯ ಹಿಂಜವಡಿಯಲ್ಲಿ ಇಂಟರ್ನ್‌ಶಿಪ್. ತಿಂಗಳಿಗೆ 15,000 ರೂಪಾಯಿ. ಆಫರ್ ಲೆಟರಿನಲ್ಲಿ 'ಮುಂದಿನ ತಿಂಗಳ 7ರೊಳಗೆ' ಎಂದಿತ್ತು. ಜುಲೈ 10 ಆದರೂ ಜೂನ್ ಹಣ ಬಂದಿರಲಿಲ್ಲ.

ಮೇಲ್ ಬರೆಯುವ ಮೊದಲು ಜೊತೆಯ ಇಂಟರ್ನ್‌ಗಳನ್ನು ವಿಚಾರಿಸಿದೆ. ಯಾರಿಗೂ ಬಂದಿಲ್ಲವಾದರೆ ಕಂಪನಿಯ ಕಡೆಯ ವಿಳಂಬ. ಎಲ್ಲರಿಗೂ ಬಂದು ನಮಗೊಬ್ಬರಿಗೇ ಬಾರದಿದ್ದರೆ ತೊಡಕು ಬಹುತೇಕ ನಮ್ಮ ಹಾಜರಾತಿಯಲ್ಲಿ ಅಥವಾ ಬ್ಯಾಂಕ್ ವಿವರದಲ್ಲಿ. ಅವರಿಗೆಲ್ಲ ಬಂದಿತ್ತು. ಮ್ಯಾನೇಜರ್ ಬಳಿ ಹೋಗಿ, "ಸರ್, ನನ್ನ ಜೂನ್ ಹಾಜರಾತಿ ಅಪ್ರೂವ್ ಆಗಿದೆಯಾ?" ಎಂದಷ್ಟೇ ಕೇಳಿದೆ. ಆಗಿತ್ತು. ಇದನ್ನು ಕೇಳದೆ ಮೇಲ್ ಹಾಕಿದರೆ 'ಅಪ್ರೂವಲ್ ಬಾಕಿ ಇರಬಹುದು, ಮ್ಯಾನೇಜರನ್ನು ಕೇಳಿ' ಎಂಬ ಉತ್ತರ ಬಂದು ಎರಡು ದಿನ ಸುಮ್ಮನೆ ಹೋಗುತ್ತದೆ.

ಆಮೇಲೆ ಎಚ್‌ಆರ್‌ಗೆ ಬರೆದೆ, ಮ್ಯಾನೇಜರಿಗೆ ಪ್ರತಿ ಇಟ್ಟು. ವಿಷಯದ ಸಾಲಿನಲ್ಲೇ ತಿಂಗಳು, ಹೆಸರು, ಇಂಟರ್ನ್ ಐಡಿ. ಒಳಗಿನ ಒಕ್ಕಣೆ ಹೀಗಿತ್ತು:

"ನಮಸ್ಕಾರ ಮೇಡಂ. ಆಫರ್ ಲೆಟರ್ ಪ್ರಕಾರ ಜುಲೈ 7ರೊಳಗೆ ಬರಬೇಕಿದ್ದ ಜೂನ್ ಸ್ಟೈಪೆಂಡ್ ಇಂದಿನವರೆಗೆ ನನ್ನ ಖಾತೆಗೆ ಜಮೆಯಾಗಿಲ್ಲ. ಹಾಜರಾತಿ ಅಪ್ರೂವ್ ಆಗಿದೆ. ಪಾವತಿ ಯಾವ ಹಂತದಲ್ಲಿದೆ ಎಂದು ದಯವಿಟ್ಟು ತಿಳಿಸುವಿರಾ? ನನ್ನಿಂದ ಯಾವುದಾದರೂ ದಾಖಲೆ ಬೇಕಿದ್ದರೆ ಇವತ್ತೇ ಕಳಿಸುತ್ತೇನೆ."

'ಯಾವಾಗ ಕೊಡುತ್ತೀರಿ' ಎಂದರೆ 'ಬೇಗ' ಎಂಬ ಉತ್ತರ ಸಾಕಾಗಿಬಿಡುತ್ತದೆ. 'ಯಾವ ಹಂತದಲ್ಲಿದೆ' ಎಂದರೆ ಫೈಲ್ ತೆರೆದು ನೋಡಲೇಬೇಕು. ಪಿಜಿ ಬಾಡಿಗೆಯ ಕಷ್ಟ ಬರೆಯಲಿಲ್ಲ; ನಿಜವೇ ಆದರೂ ಅದರಿಂದ ಹಣ ಎಲ್ಲಿ ನಿಂತಿದೆ ಎಂದು ಗೊತ್ತಾಗುವುದಿಲ್ಲ.

ಮರುದಿನವೇ ಉತ್ತರ: ಪಾವತಿ ಫೈಲಿನಲ್ಲಿ ನನ್ನ ಸಾಲು ಮಾತ್ರ ಬ್ಯಾಂಕಿನಲ್ಲಿ ತಿರಸ್ಕೃತವಾಗಿದೆ, ಐಎಫ್‌ಎಸ್‌ಸಿ ತಪ್ಪು. ಊರಿನ ಹಳೆಯ ಸಿಂಡಿಕೇಟ್ ಬ್ಯಾಂಕ್ ಪಾಸ್‌ಬುಕ್ ನೋಡಿ SYNB ಎಂದು ಶುರುವಾಗುವ ಕೋಡ್ ಕೊಟ್ಟಿದ್ದೆ. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾದಲ್ಲಿ ವಿಲೀನವಾಯಿತು. 2021ರ ಜುಲೈಯಿಂದ ಹಳೆಯ ಕೋಡ್‌ಗಳು ನಡೆಯುವುದಿಲ್ಲ, CNRB ಕೋಡೇ ಬೇಕು. ನಮ್ಮ ಕಡೆಯಿಂದ ಬಂದ ಹುಡುಗರು ಇದನ್ನು ಮೊದಲ ದಿನವೇ ನೋಡಿಕೊಳ್ಳಬೇಕು. ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳ ಹಳೆಯ ಪಾಸ್‌ಬುಕ್‌ಗಳದ್ದೂ ಇದೇ ಕತೆ.

ಹಳೆಯ ಚೆಕ್ ಹಾಳೆಯಲ್ಲೂ ಹಳೆಯ ಕೋಡೇ ಇರುವುದರಿಂದ ಅದನ್ನು ಕಳಿಸಲಿಲ್ಲ. ಕೆನರಾ ಶಾಖೆಯಲ್ಲಿ ಹೊಸ ಪಾಸ್‌ಬುಕ್ ಮಾಡಿಸಿ, ಮೊದಲ ಪುಟದ ಸ್ಕ್ಯಾನನ್ನು ಅದೇ ಮೇಲ್ ಸರಣಿಯಲ್ಲಿ ಕಳಿಸಿದೆ. "ಮುಂದಿನ ಪಾವತಿ ಯಾವ ದಿನ?" ಎಂದು ಕೇಳಿದಾಗ 15 ಎಂದರು. ಆ ದಿನದವರೆಗೆ ಮತ್ತೆ ಬರೆಯಲಿಲ್ಲ. 16ರ ಬೆಳಿಗ್ಗೆಯೂ ಜಮೆಯಾಗದಿದ್ದಾಗ ಅಲ್ಲೇ ಒಂದು ಸಾಲು ಬರೆದೆ: "ಮೇಡಂ, ಪಾವತಿ ಆಗಿದ್ದರೆ ಯುಟಿಆರ್ ಸಂಖ್ಯೆ ಕಳಿಸುವಿರಾ? ಬ್ಯಾಂಕಿನಲ್ಲಿ ವಿಚಾರಿಸುತ್ತೇನೆ." ಆ ಸಂಖ್ಯೆ ಇದ್ದರೆ ಹಣ ಎಲ್ಲಿದೆ ಎಂದು ಶಾಖೆಯವರೇ ಹುಡುಕಬಲ್ಲರು. ಪಾವತಿ ಇನ್ನೂ ಆಗಿರದಿದ್ದರೆ ಅದೂ ಆ ಒಂದು ಸಾಲಿನಿಂದಲೇ ಹೊರಬೀಳುತ್ತದೆ. ಸಂಜೆ ಸಂಖ್ಯೆಯ ಹಿಂದೆಯೇ ಹಣವೂ ಬಂತು.