ಸೀಟು ಬಿಟ್ಟುಕೊಟ್ಟು 900 ಡಾಲರ್ ಪಡೆದದ್ದು: ನನ್ನ ಅನುಭವ

ಕಳೆದ ಥ್ಯಾಂಕ್ಸ್‌ಗಿವಿಂಗ್ ಭಾನುವಾರ ನೆವಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೆ. ವಿಮಾನ ಕಂಪನಿಗಳು ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುತ್ತವೆ, ಇದೇ ಓವರ್‌ಬುಕಿಂಗ್. ಸೀಟು ಸಾಲದಿದ್ದರೆ, ತಾವಾಗಿ ಸೀಟು ಬಿಟ್ಟು ಬೇರೆ ಫ್ಲೈಟಿಗೆ ಹೋಗುವವರಿಗೆ ಏನಾದರೂ ಕೊಡುತ್ತೇವೆ ಅಂತ ಕರೆಯುತ್ತವೆ. ನಾನು ಹಾಗೆ ಸೀಟು ಬಿಟ್ಟುಕೊಟ್ಟು ಹೆಚ್ಚುಕಮ್ಮಿ 900 ಡಾಲರ್ ಪಡೆದೆ, ಮೇಲೆ ಹೋಟೆಲ್ ರೂಮು, ಎರಡು ಹೊತ್ತಿನ ಊಟ. "ಅದೆಲ್ಲ ಆಗೋ ಮಾತಲ್ಲ, ಸುಮ್ನೆ ಹತ್ಕೊಂಡು ಬಾ" ಅನ್ನುತ್ತಿದ್ದ ಭಾವ ಈಗ ತಾವೇ ಫೋನ್ ಮಾಡಿ ಹೇಗೆ ಅಂತ ಕೇಳುತ್ತಾರೆ.

ಮೊದಲ ಸಲ ಚೆನ್ನಾಗಿಯೇ ಪೆಟ್ಟು ತಿಂದಿದ್ದೆ. ಶಿಕಾಗೋದಲ್ಲಿ ಮೈಕಿನಲ್ಲಿ 400 ಡಾಲರ್ ಅಂದ ಕೂಡಲೇ ಓಡಿ ಹೋಗಿ ಹೆಸರು ಕೊಟ್ಟೆ. "ಮುಂದಿನ ಫ್ಲೈಟಿಗೆ ಹಾಕ್ತೀವಿ" ಅಂದರು. ಹೊಸ ಬೋರ್ಡಿಂಗ್ ಪಾಸಿನಲ್ಲಿ ಸೀಟ್ ನಂಬರ್ ಇರಲಿಲ್ಲ. ಅದು ಸ್ಟ್ಯಾಂಡ್‌ಬೈ, ಅಂದರೆ ಸೀಟು ಖಾಲಿ ಉಳಿದರೆ ಮಾತ್ರ ಹತ್ತಬಹುದು! ಎರಡು ಫ್ಲೈಟ್ ಕಣ್ಣೆದುರೇ ಹೋದವು, ರಾತ್ರಿ ಕುರ್ಚಿ ಮೇಲೆ ಕಳೆದೆ. ರೂಮು ಕೇಳಿದರೆ, ಒಪ್ಪುವಾಗ ಕೇಳಬೇಕಿತ್ತು ಅಂದರು. ಆ 400 ಡಾಲರೂ ದುಡ್ಡಲ್ಲ, ಅವರದೇ ಟಿಕೆಟ್ ಕೊಳ್ಳಲು ಕೊಡುವ ವೋಚರ್. ಅದೂ ನನ್ನ ಹೆಸರಿಗೆ ಮಾತ್ರ, ಒಂದೇ ಸಲ ಬಳಸಬೇಕು. 230 ಡಾಲರಿನ ಟಿಕೆಟ್ ತಗೊಂಡೆ, ಉಳಿದ 170 ಮುಳುಗಿತು.

ಆಮೇಲೆ ಆ್ಯಪ್‌ನಲ್ಲಿ ಚೆಕ್‌ಇನ್ ಮಾಡುವಾಗ, ಎಷ್ಟು ಕೊಟ್ಟರೆ ಸೀಟು ಬಿಡ್ತೀರಿ ಅಂತ ಕೇಳುವ ಹರಾಜೂ ನೋಡಿದೆ. ನಾನು 250 ಹಾಕಿದ್ದೆ. ಗೇಟಿನಲ್ಲಿ ನಿಂತವರಿಗೆ 600 ಸಿಕ್ಕಿತು. ಅಲ್ಲಿಂದ ಆ್ಯಪ್‌ನಲ್ಲಿ ಬೆಲೆ ಹೇಳುವುದೇ ಬಿಟ್ಟೆ.

ಈಗ ಮನೆಯಲ್ಲೇ ಒಂದು ಲೆಕ್ಕ ಹಾಕಿಕೊಂಡು ಹೊರಡುತ್ತೇನೆ. ಅಮೆರಿಕದಲ್ಲಿ ಓವರ್‌ಬುಕಿಂಗ್ ಆಗಿ, ನಾವು ಒಪ್ಪದೆ ಇಳಿಸಿದರೆ, ದೇಶದೊಳಗಿನ ಪ್ರಯಾಣದಲ್ಲಿ ಎರಡು ಗಂಟೆಗಿಂತ ಜಾಸ್ತಿ ತಡವಾದಾಗ ಒಂದು ಕಡೆಯ ಟಿಕೆಟ್ ದರದ ನಾಲ್ಕು ಪಟ್ಟು ದುಡ್ಡು ಕೊಡಬೇಕು, 2,150 ಡಾಲರ್‌ವರೆಗೆ. ನನ್ನ ಟಿಕೆಟ್ 190 ಇತ್ತು, ನಾಲ್ಕು ಪಟ್ಟು ಅಂದರೆ 760. ಅವರಿಗೂ ಈ ಲೆಕ್ಕ ಗೊತ್ತು. ಅದಕ್ಕಿಂತ ಕಡಿಮೆಗೆ ನಾನು ಏಳುವುದಿಲ್ಲ. ಆದರೆ ನಾವಾಗಿ ಒಪ್ಪಿದರೆ ಈ ಹಕ್ಕು ಹೋಗುತ್ತದೆ, ಮಾತಾಡಿಕೊಂಡದ್ದಷ್ಟೇ ಸಿಗುತ್ತದೆ. ವಿಮಾನ ಕೆಟ್ಟು ಸಣ್ಣದು ಬಂದಿದ್ದರೆ ಈ ಲೆಕ್ಕ ನಡೆಯುವುದೂ ಇಲ್ಲ.

ನೆವಾರ್ಕ್‌ನಲ್ಲಿ 400ಕ್ಕೆ ಕರೆದರು, ಕೂತೇ ಇದ್ದೆ. 700 ಆದಾಗ ಕೌಂಟರಿಗೆ ಹೋಗಿ, "ಕೊನೆಗೆ ಬಂದವರಿಗೆ ಎಷ್ಟು ಕೊಡ್ತೀರೋ ನನಗೂ ಅಷ್ಟೇ ಕೊಡೋದಾದ್ರೆ ನಾನು ಸಿದ್ಧ" ಅಂದೆ. ಆಕೆ ಹ್ಞೂಂ ಅಂದರು. ಬೆಳಗಿನ ಫ್ಲೈಟಿನಲ್ಲಿ ಸೀಟ್ ನಂಬರ್ ತೋರಿಸಿ ಅಂದೆ. 21ಸಿ ಅಂತ ಸ್ಕ್ರೀನ್ ತಿರುಗಿಸಿದರು. ರೂಮು, ಶಟಲ್, ಊಟ ಕೇಳಿದೆ. ವೋಚರ್ ವರ್ಷದೊಳಗೆ ಬುಕ್ ಮಾಡಿದರೆ ಸಾಕಾ, ಪ್ರಯಾಣವೂ ಮುಗಿಯಬೇಕಾ? ಹೆಂಡತಿಗೆ ಬಳಸಬಹುದಾ? ಉಳಿದದ್ದು ಉಳಿಯುತ್ತಾ? ಉತ್ತರಗಳು ಹಿಡಿಸಲಿಲ್ಲ. ಕಾರ್ಡಿನಲ್ಲಿ ಕೊಡ್ತೀರಾ ಅಂದೆ. ವೋಚರ್ ಆದರೆ 1,100, ಪ್ರಿಪೇಯ್ಡ್ ಕಾರ್ಡ್ ಆದರೆ 900. ಕಾರ್ಡೇ ತಗೊಂಡೆ.

ಯಾವ ಫ್ಲೈಟ್ ತುಂಬುತ್ತದೆ ಅಂತ ನಾನು ಹೇಗೆ ಹುಡುಕುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಒಂದು ಮಾತ್ರ ಹೇಳುತ್ತೇನೆ, ಅಂಥ ದಿನ ಬ್ಯಾಗು ಚೆಕ್‌ಇನ್ ಮಾಡಬೇಡಿ. ಶಿಕಾಗೋದಲ್ಲಿ ನನ್ನ ಬ್ಯಾಗು ನನಗಿಂತ ಮೊದಲೇ ಊರು ಸೇರಿತ್ತು, ಸ್ವೆಟರ್ ಅದರೊಳಗೇ ಇತ್ತು.