ರೆಪೊ ಇಳಿಯಿತು, ನಿಮ್ಮ ಮನೆ ಸಾಲದ ಬಡ್ಡಿ ಯಾವಾಗ ಇಳಿಯುತ್ತದೆ?

2025ರ ಡಿಸೆಂಬರ್ 5ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಶೇ 5.50ರಿಂದ ಶೇ 5.25ಕ್ಕೆ ಇಳಿಸಿತು. ಮನೆ ಸಾಲ ಇರುವವರು ಇಂಥ ಸುದ್ದಿ ಓದಿ ಮುಂದಿನ ತಿಂಗಳ ಕಂತು ನೋಡುತ್ತಾರೆ. ಎಷ್ಟೋ ಸಲ ಅದು ಒಂದು ರೂಪಾಯಿಯೂ ಬದಲಾಗಿರುವುದಿಲ್ಲ. ಬ್ಯಾಂಕ್ ಮೋಸ ಮಾಡಿತು ಎಂದುಕೊಳ್ಳುವ ಮೊದಲು, ಆ ಕಾಲು ಪರ್ಸೆಂಟ್ ನಿಮ್ಮ ಖಾತೆಗೆ ಯಾವ ದಾರಿಯಲ್ಲಿ ಬರುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಮೊದಲು ಸಾಲದ ಮಂಜೂರಾತಿ ಪತ್ರ ತೆಗೆಯಿರಿ. ಬಡ್ಡಿ ಯಾವುದಕ್ಕೆ ಜೋಡಣೆಯಾಗಿದೆ ಎಂದು ಅದರಲ್ಲಿ ಬರೆದಿರುತ್ತದೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಮನೆ ಸಾಲ, ವಾಹನ ಸಾಲಗಳ ಬಡ್ಡಿ ಬದಲಾಗುವಂಥದ್ದಾದರೆ, ಅದನ್ನು ಹೊರಗಿನ ಒಂದು ದರಕ್ಕೆ ಕಟ್ಟಲೇಬೇಕು. ಹೆಚ್ಚಿನ ಬ್ಯಾಂಕುಗಳು ರೆಪೊವನ್ನೇ ಆರಿಸಿಕೊಂಡಿವೆ. ಅದಕ್ಕಿಂತ ಹಳೆಯ ಸಾಲವಾದರೆ ಅಲ್ಲಿ ‘ಎಂಸಿಎಲ್‌ಆರ್’ ಎಂದು ಇರಬಹುದು. ಅದು ಬ್ಯಾಂಕ್ ತನ್ನ ಖರ್ಚು ನೋಡಿಕೊಂಡು ತಾನೇ ಲೆಕ್ಕ ಹಾಕುವ ದರ. ಬ್ಯಾಂಕಿನ ಹಣದ ದೊಡ್ಡ ಪಾಲು ಜನರ ಠೇವಣಿ. ಹಳೆಯ ಠೇವಣಿಗಳಿಗೆ ಒಪ್ಪಿಕೊಂಡ ಬಡ್ಡಿಯನ್ನು ಅವಧಿ ಮುಗಿಯುವವರೆಗೂ ಕೊಡಬೇಕಲ್ವಾ? ಹಾಗಾಗಿ ಎಂಸಿಎಲ್‌ಆರ್ ನಿಧಾನವಾಗಿ ಇಳಿಯುತ್ತದೆ. ಇನ್ನೊಂದು ವಿಷಯ: ಈ 2019ರ ನಿಯಮ ಬ್ಯಾಂಕುಗಳಿಗೆ ಮಾತ್ರ. ಹೌಸಿಂಗ್ ಫೈನಾನ್ಸ್ ಕಂಪನಿಯ ಸಾಲ ರೆಪೊ ಇಳಿದ ತಕ್ಷಣ ಇಳಿಯಬೇಕೆಂದಿಲ್ಲ.

ರೆಪೊ ಸಾಲದ ಲೆಕ್ಕ ಸರಳ: ರೆಪೊ ದರಕ್ಕೆ ಬ್ಯಾಂಕಿನ ‘ಸ್ಪ್ರೆಡ್’, ಅಂದರೆ ಬ್ಯಾಂಕ್ ಅದರ ಮೇಲೆ ಹಾಕುವ ಹೆಚ್ಚುವರಿ ಬಡ್ಡಿ, ಸೇರಿಸಬೇಕು. ತುಮಕೂರಿನ ಒಬ್ಬರಿಗೆ 30 ಲಕ್ಷ ಅಸಲು, 240 ಕಂತು ಬಾಕಿ ಇದೆ, ಸ್ಪ್ರೆಡ್ ಶೇ 2.65 ಎಂದುಕೊಳ್ಳಿ. ಇಳಿಕೆಗೆ ಮೊದಲು ಅವರ ಬಡ್ಡಿ ಶೇ 8.15. ಆಮೇಲೆ ಶೇ 7.90 ಆಗಬೇಕು.

ಆದರೆ ಯಾವಾಗ? ಅದು ‘ರೀಸೆಟ್’ ದಿನದ ಮೇಲೆ ನಿಂತಿದೆ. ಮೂರು ತಿಂಗಳಿಗೆ ಒಮ್ಮೆಯಾದರೂ ಬ್ಯಾಂಕ್ ದರವನ್ನು ಹೊಂದಿಸಬೇಕು ಎಂಬುದು ನಿಯಮ. ಇವರ ರೀಸೆಟ್ ಡಿಸೆಂಬರ್ 1ಕ್ಕೆ ಆಗಿಹೋಗಿದ್ದರೆ ಮುಂದಿನದು ಮಾರ್ಚ್ 1ಕ್ಕೆ. ಅಲ್ಲಿಯವರೆಗೆ ಹಳೆಯ ಬಡ್ಡಿಯೇ. ಪಕ್ಕದ ಮನೆಯವರಿಗೆ ಜನವರಿಯಲ್ಲೇ ಇಳಿದಿರಬಹುದು. ಇಬ್ಬರ ಲೆಕ್ಕವೂ ಸರಿಯೇ.

ರೀಸೆಟ್ ಆಯಿತೋ ಇಲ್ಲವೋ ಎಂದು ತಿಳಿಯಲು ಕಂತನ್ನು ನೋಡಬೇಡಿ, ಸ್ಟೇಟ್‌ಮೆಂಟ್‌ನಲ್ಲಿ ಬಡ್ಡಿಯ ಸಾಲು ನೋಡಿ. ಬಾಕಿ ಅಸಲನ್ನು ಬಡ್ಡಿ ದರದಿಂದ ಗುಣಿಸಿ, 1,200ರಿಂದ ಭಾಗಿಸಿದರೆ ಆ ತಿಂಗಳ ಬಡ್ಡಿ. ಇವರಿಗೆ ಶೇ 8.15ರಲ್ಲಿ ₹20,375 ಬರುತ್ತಿತ್ತು. ಶೇ 7.90ರಲ್ಲಿ ₹19,750. ದಿನದ ಲೆಕ್ಕ ಹಿಡಿಯುವ ಬ್ಯಾಂಕುಗಳಲ್ಲಿ ತುಸು ಆಚೀಚೆ ಆಗುತ್ತದೆ.

ಕಂತು ಯಾಕೆ ಬದಲಾಗಲಿಲ್ಲ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ದರ ಇಳಿದಾಗ ಅನೇಕ ಬ್ಯಾಂಕುಗಳು ಕಂತನ್ನು ಹಾಗೇ ಬಿಟ್ಟು ಅವಧಿ ಇಳಿಸುತ್ತವೆ. ಇವರ ಕಂತು ಸುಮಾರು ₹25,374. ಅದನ್ನೇ ಕಟ್ಟುತ್ತಾ ಹೋದರೆ ದರ ಮತ್ತೆ ಬದಲಾಗದಿದ್ದಲ್ಲಿ ಸಾಲ 230 ತಿಂಗಳಿಗೇ ತೀರುತ್ತದೆ. ಒಟ್ಟು ಸುಮಾರು ₹2.6 ಲಕ್ಷ ಉಳಿತಾಯ. ಕಂತನ್ನೇ ಇಳಿಸಿ ಎಂದು ಕೇಳಿದರೆ ಅದು ₹24,907ರಷ್ಟಾಗುತ್ತದೆ. ತಿಂಗಳಿಗೆ ₹467 ಕೈಯಲ್ಲಿ ಉಳಿದರೂ ಒಟ್ಟು ಉಳಿತಾಯ ₹1.1 ಲಕ್ಷ ಮಾತ್ರ. ಮನೆ ಖರ್ಚು ತೂಗುತ್ತಿದ್ದರೆ ಹಳೆಯ ಕಂತನ್ನೇ ಮುಂದುವರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ದರ ಏರುವಾಗ ಇದೇ ವ್ಯವಸ್ಥೆ ತಿರುಗಿ ಹೊಡೆಯುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ರೆಪೊ ಶೇ 4ರಿಂದ 6.50ಕ್ಕೆ ಏರಿತು. ಕಂತು ಅಷ್ಟೇ ಇದೆಯಲ್ಲ ಎಂದು ಸುಮ್ನೆ ಇದ್ದವರ ಸಾಲದ ಅವಧಿ ವರ್ಷಗಟ್ಟಲೆ ಹಿಗ್ಗಿತು. ಕಂತು ಏರಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಸಾಲಗಾರರನ್ನೇ ಕೇಳಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಿತು. ಉಳಿದ ಕಂತುಗಳ ಸಂಖ್ಯೆ ಇರುವ ಸ್ಟೇಟ್‌ಮೆಂಟ್ ಮೂರು ತಿಂಗಳಿಗೊಮ್ಮೆ ನಿಮಗೆ ಸಿಗಬೇಕು. ಆ ಸಂಖ್ಯೆಯನ್ನು ಹಿಂದಿನದರ ಜೊತೆ ಹೋಲಿಸಿ.

ಕೊನೆಗೆ ಸ್ಪ್ರೆಡ್. ರೆಪೊ ಎಷ್ಟೇ ಇಳಿದರೂ ಅದು ತಾನಾಗಿ ಇಳಿಯುವುದಿಲ್ಲ. ಹೊಸ ಗ್ರಾಹಕರಿಗೆ ಅದೇ ಬ್ಯಾಂಕ್ ಶೇ 2.25 ಸ್ಪ್ರೆಡ್ ಕೊಡುತ್ತಿದ್ದು ನಿಮ್ಮದು 2.65 ಇದ್ದರೆ, ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಇಳಿಸಲು ಕೇಳಿ. ಎಂಸಿಎಲ್‌ಆರ್ ಸಾಲದವರು ರೆಪೊಗೆ ಬದಲಿಸಿಕೊಡಿ ಎಂದು ಕೇಳಬಹುದು. ಶುಲ್ಕ ಎಷ್ಟು ಎಂದು ಮೊದಲೇ ವಿಚಾರಿಸಿ, ಹೊಸ ಸ್ಪ್ರೆಡ್ ಎಷ್ಟೆಂದು ಕಾಗದದಲ್ಲಿ ನೋಡಿದ ಮೇಲೆಯೇ ಸಹಿ ಹಾಕಿ.