ಮ್ಯಾನೇಜರ್‌ಗಳ 360 ಫೀಡ್‌ಬ್ಯಾಕ್ ಬೈಗುಳದ ಪಟ್ಟಿ ಆಗೋದನ್ನ ಹೇಗೆ ತಪ್ಪಿಸಿದ್ವಿ

360 ಫೀಡ್‌ಬ್ಯಾಕ್ ಅಂದ್ರೆ ಒಬ್ಬ ಮ್ಯಾನೇಜರ್ ಬಗ್ಗೆ ಅವ್ರ ಟೀಮ್, ಸಹೋದ್ಯೋಗಿಗಳು, ಬಾಸ್ ಹೀಗೆ ಸುತ್ತ ಇರೋರೆಲ್ಲ ಅಭಿಪ್ರಾಯ ಬರೆದು ಕೊಡೋದು. ಅದ್ರಲ್ಲಿ ಹಿಂದಿನ ಸಲ ಬಂದ ಕಾಮೆಂಟ್ಸ್ ನೋಡಿದ್ರೆ 'ಅಹಂಕಾರಿ', 'ಯಾರ ಮಾತೂ ಕೇಳಲ್ಲ' ಇಂಥವೇ ಜಾಸ್ತಿ, ಓದಿದ ಮ್ಯಾನೇಜರ್‌ಗಳು ಬದಲಾಗೋದು ಬಿಟ್ಟು ಇದನ್ನ ಬರೆದವ್ರು ಯಾರು ಅಂತ ಹುಡುಕೋಕೆ ಶುರು ಮಾಡಿದ್ರು. ಪ್ರಾಬ್ಲಮ್ ಇದ್ದಿದ್ದು ಫಾರ್ಮ್‌ನಲ್ಲೇ. 'ಇವರು ಒಳ್ಳೆ ಲೀಡರಾ?' ಅಂತ ಕೇಳಿದ್ರೆ ಉತ್ತರ ಸ್ವಭಾವದ ಬಗ್ಗೇನೇ ಬರುತ್ತೆ ಬಿಡಿ.

ಹಾಗಾಗಿ ಕಣ್ಣಿಗೆ ಕಾಣೋದನ್ನ ಮಾತ್ರ ಕೇಳಿದ್ವಿ, 'ಡೆಡ್‌ಲೈನ್ ಬದಲಾದಾಗ ಕಾರಣ ಹೇಳ್ತಾರಾ?' ಅನ್ನೋ ಥರ. ಉತ್ತರದಲ್ಲಿ 'ನಾನು ನೋಡಿಲ್ಲ' ಅನ್ನೋದೂ ಇರ್ಬೇಕು, ಇಲ್ದಿದ್ರೆ ಗೊತ್ತಿಲ್ದೋರೂ ಸುಮ್ನೆ ಮಧ್ಯದ್ದಕ್ಕೆ ಟಿಕ್ ಹಾಕ್ತಾರೆ. ಖಾಲಿ ಕಾಮೆಂಟ್ ಬಾಕ್ಸ್ ತೆಗೆದು ಎರಡೇ ಪ್ರಶ್ನೆ ಇಟ್ವಿ: ಏನು ಮುಂದುವರಿಸ್ಬೇಕು, ಯಾವ ಸಂದರ್ಭದಲ್ಲಿ ಏನು ಬೇರೆ ಥರ ಮಾಡ್ಬೇಕು.

'ಯಾರ ಮಾತೂ ಕೇಳಲ್ಲ' ಅನ್ನಿಸಿಕೊಂಡಿದ್ದವ್ರಿಗೇ ಈ ಸಲ 'ವಾರದ ಮೀಟಿಂಗ್‌ನಲ್ಲಿ ನಾವು ರಿಸ್ಕ್ ಹೇಳೋ ಮುಂಚೆನೇ ಡಿಸಿಷನ್ ಹೇಳ್ಬಿಡ್ತಾರೆ, ಕೊನೇಲಿ ಹೇಳಿದ್ರೆ ಒಳ್ಳೇದು' ಅಂತ ಬಂತು. ಅವ್ರು ಅಜೆಂಡಾನೇ ಉಲ್ಟಾ ಮಾಡಿದ್ರು, ಮೊದ್ಲು ಟೀಮ್ ಮಾತು, ಆಮೇಲೆ ಇವ್ರದ್ದು.

ಹೆಸರು ಗುಟ್ಟಾಗಿರ್ಬೇಕಂದ್ರೆ ಟೀಮ್‌ನಿಂದ ಮೂರಕ್ಕಿಂತ ಕಮ್ಮಿ ಉತ್ತರ ಬಂದಾಗ ಅದನ್ನ ಸಹೋದ್ಯೋಗಿಗಳ ಗುಂಪಿಗೆ ಸೇರಿಸಿ ತೋರಿಸ್ಬೇಕು. ಆದ್ರೂ ಬರವಣಿಗೆ ಶೈಲಿಯಿಂದಾನೇ ಸಿಕ್ಕಿಬೀಳೋರು ಇರ್ತಾರೆ, ಇದನ್ನ ಬರೆಯೋರಿಗೆ ಮೊದ್ಲೇ ಹೇಳಿದ್ವಿ. ರಿಪೋರ್ಟನ್ನ ಸಂಬಳ, ಪ್ರಮೋಷನ್‌ಗೆ ಮುಟ್ಟಿಸಲ್ಲ, ಮೇಲ್‌ನಲ್ಲೂ ಕಳಿಸಲ್ಲ, ಎಚ್‌ಆರ್‌ನವ್ರು ಎದುರು ಕೂತು ಓದಿಸ್ತಾರೆ. ಕಿರುಕುಳದ ದೂರು ಮಾತ್ರ ಇದ್ರಲ್ಲಿ ಬೇಡ, ಅದಕ್ಕೆ ಬೇರೆ ದಾರಿ ಇದೆ ಅಂತ ಫಾರ್ಮ್ ಮೇಲೇನೇ ಬರೆದಿದೀವಿ.